ಬೆಂಗಳೂರಲ್ಲಿ ಟಿ1ಕ್ಕೆ ಇಳಿದು ಟಿ2ರಿಂದ ವಿದೇಶಕ್ಕೆ: ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಪ್ರಶ್ನೆ (ಜರ್ಮನಿಯಿಂದ)

ಜುಲೈಯಲ್ಲಿ ಅಪ್ಪ ಅಮ್ಮ ನಮ್ಮಲ್ಲಿಗೆ ಬರ್ತಿದ್ದಾರೆ. ಮಂಗಳೂರಿಂದ ಇಂಡಿಗೋದಲ್ಲಿ ಬೆಂಗಳೂರು, ರಾತ್ರಿ 9:40ಕ್ಕೆ ಟಿ1ಕ್ಕೆ ಇಳಿಯುತ್ತಾರೆ. ಅಲ್ಲಿಂದ ಫ್ರಾಂಕ್‌ಫರ್ಟ್ ವಿಮಾನ ಬೆಳಗಿನ ಜಾವ 2:15ಕ್ಕೆ, ಟಿ2ರಿಂದ. ಎರಡೂ ಬೇರೆ ಬೇರೆ ಟಿಕೆಟ್. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ, ಅಮ್ಮನಿಗೆ ಮಂಡಿನೋವು ಬೇರೆ. ನಾಲ್ಕೂವರೆ ಗಂಟೆ ಸಾಕಾ? ಹೀಗೆ ಹೋಗಿ ಬಂದವರು ದಯವಿಟ್ಟು ಹೇಳಿ.

ಉಡುಪಿಯಿಂದ ಒಬ್ಬರು

ಧಾರಾಳ ಸಾಕು ಮೇಡಂ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ. ನಾನು ನನ್ನ ಮಗನ ಹತ್ತಿರ ಎರಡು ಸಲ ಹೋಗಿ ಬಂದಿದ್ದೇನೆ. ಇಳಿದು, ಬ್ಯಾಗ್ ತಗೊಂಡು, ಅದೇ ಕಟ್ಟಡದಲ್ಲಿ ಲಿಫ್ಟಲ್ಲಿ ಮೇಲೆ ಹೋದರೆ ಚೆಕ್ಕಿನ್ ಕೌಂಟರ್. ನನಗೆ ಅರ್ಧ ಗಂಟೆಯೂ ಆಗಲಿಲ್ಲ. ಅಪ್ಪನಿಗೆ ಮನೆಯಲ್ಲೇ ವೆಬ್ ಚೆಕ್ಕಿನ್ ಮಾಡಿಕೊಡಿ. ಬೋರ್ಡಿಂಗ್ ಪಾಸ್ ಕೈಯಲ್ಲಿದ್ದರೆ ಕೌಂಟರ್ ಕೆಲಸವೂ ಇರಲ್ಲ.

ಪುತ್ತೂರಿನವರು, ಈಗ ಬೆಂಗಳೂರಲ್ಲಿ

ಉಡುಪಿಯವರು ಹೇಳಿದ್ದು ಆಗ ಸರಿ, ಈಗ ಅಲ್ಲ. ನೀವು ಹೋಗಿದ್ದು 2023ರ ಸೆಪ್ಟೆಂಬರ್‌ಗೆ ಮೊದಲು ಅಲ್ವಾ ಸಾರ್? ಆಗ ದೇಶದೊಳಗಿನ ವಿಮಾನವೂ ವಿದೇಶದ್ದೂ ಒಂದೇ ಕಟ್ಟಡ. ಆ ವರ್ಷ ಸೆಪ್ಟೆಂಬರ್ 12ಕ್ಕೆ ವಿದೇಶದ ವಿಮಾನಗಳೆಲ್ಲ ಟಿ2ಕ್ಕೆ ಹೋದವು. ಇಂಡಿಗೋದ ದೇಶದೊಳಗಿನ ಹಾರಾಟ ಟಿ1ರಲ್ಲೇ ಉಳಿಯಿತು. ಹಾಗಾಗಿ ಈಗ ಹೊರಗೆ ಬಂದು, ಬಸ್ ಹತ್ತಿ, ಇನ್ನೊಂದು ಕಟ್ಟಡಕ್ಕೆ ಹೋಗಿ, ಮತ್ತೆ ಬಾಗಿಲಿಂದ ಶುರು ಮಾಡಬೇಕು.

ಕಳೆದ ಡಿಸೆಂಬರ್‌ನಲ್ಲಿ ನಮ್ಮತ್ತೆಯನ್ನು ಇದೇ ದಾರಿಯಲ್ಲಿ ಕರಕೊಂಡು ಹೋಗಿದ್ದೆ. ಫೋನಲ್ಲಿ ಗಂಟೆ ಬರೆದಿಟ್ಟುಕೊಂಡಿದ್ದು ಇನ್ನೂ ಇದೆ. ವಿಮಾನ ನೆಲ ಮುಟ್ಟಿದ್ದು 7:20ಕ್ಕೆ. ಏಣಿ ಇಳಿದು ಬಸ್ಸಲ್ಲಿ ಕಟ್ಟಡಕ್ಕೆ ಬಂದು ಬೆಲ್ಟ್ ಹತ್ತಿರ ನಿಂತಾಗ 7:40. ಪೆಟ್ಟಿಗೆ ಬಂದಿದ್ದು 7:55ಕ್ಕೆ. ಹೊರಗೆ ಬಂದು ಟಿ2ಕ್ಕೆ ಹೋಗುವ ಬಸ್ ಎಲ್ಲಿ ಅಂತ ಕೇಳಿಕೊಂಡು ಹೋದೆವು. ಅದು ಉಚಿತ ಬಸ್. ಹತ್ತು ನಿಮಿಷ ಕಾದೆವು. ಟ್ರಾಲಿಯನ್ನು ಕೆಳಗೇ ಬಿಟ್ಟು ಪೆಟ್ಟಿಗೆಗಳನ್ನು ನಾನೇ ಎತ್ತಿಟ್ಟೆ. ಟಿ2 ಬಾಗಿಲಿಗೆ ಬಂದಾಗ 8:25. ಅಲ್ಲಿ ಸಿಐಎಸ್‌ಎಫ್‌ನವರು ಟಿಕೆಟ್, ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟಾಗ 8:40. ಅಂದರೆ ಇಳಿದಲ್ಲಿಂದ ಟಿ2 ಒಳಗೆ ಕಾಲಿಡಲು 1 ಗಂಟೆ 20 ನಿಮಿಷ. ಎಲ್ಲೂ ಎಡವಟ್ಟಾಗಲಿಲ್ಲ, ಆದರೂ ಇಷ್ಟು.

ಆಮೇಲಿನದ್ದು: ನಮ್ಮ ವಿಮಾನ 12:50ಕ್ಕೆ. ಕೌಂಟರ್ ತೆರೆದದ್ದೇ 9:50ಕ್ಕೆ. ಕ್ಯೂ ಮುಗಿದು ಪೆಟ್ಟಿಗೆ ಕೊಟ್ಟಾಗ 10:35. ಇಮಿಗ್ರೇಷನ್ನಲ್ಲಿ ಅರ್ಧ ಗಂಟೆ. ಸೆಕ್ಯುರಿಟಿಯಲ್ಲಿ ಅತ್ತೆಯ ಕೈಚೀಲವನ್ನು ಪಕ್ಕಕ್ಕೆ ತಳ್ಳಿದರು, ಅದನ್ನು ಬಿಚ್ಚಿ ತೋರಿಸುವಷ್ಟರಲ್ಲಿ ಇನ್ನೂ 35 ನಿಮಿಷ ಹೋಯಿತು. ಗೇಟ್ ಮುಟ್ಟಿದಾಗ 11:45.

ಮೇಡಂ, ನಿಮ್ಮ ಲೆಕ್ಕದಲ್ಲಿ ಒಂದು ತಿದ್ದುಪಡಿ. ನೀವು 2:15ರವರೆಗೆ ಎಣಿಸಿದ್ದೀರಿ. ಕೌಂಟರ್ ಮುಚ್ಚುವ ಹೊತ್ತಿನವರೆಗೆ ಎಣಿಸಿ. ವಿದೇಶದ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ನಿಮ್ಮದಕ್ಕೆ 1:15 ಅಂತ ಇಟ್ಟುಕೊಳ್ಳಿ. 9:40ರಿಂದ 1:15ಕ್ಕೆ 3 ಗಂಟೆ 35 ನಿಮಿಷ. ಅದರಲ್ಲಿ ಟಿ2ಕ್ಕೆ ದಾಟಲು ಒಂದೂವರೆ ಗಂಟೆ ಕಳೆಯಿರಿ. ಉಳಿಯುವುದು ಸುಮಾರು ಎರಡು ಗಂಟೆ. ಮಂಗಳೂರು ವಿಮಾನ ಹೆಚ್ಚೆಂದರೆ ಎಷ್ಟು ತಡವಾದರೆ ತಡೆದುಕೊಳ್ಳಬಹುದು ಅಂದರೆ, ಈ ಎರಡು ಗಂಟೆ. ಅದರಲ್ಲೂ ಕೌಂಟರ್ ಕ್ಯೂಗೆ ಸ್ವಲ್ಪ ಹೋಗುತ್ತದೆ.

ಡಿಸೆಂಬರ್ ಸಂಜೆಯಾದರೆ ಸಾಕು ಅನ್ನುತ್ತಿದ್ದೆ. ನಿಮ್ಮದು ಜುಲೈ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಜೋರು ಮಳೆ ಹಿಡಿದು ಎದುರಿನದು ಕಾಣದಾದರೆ ಬರುವ ವಿಮಾನ ಇಳಿಯದೆ ಸುತ್ತು ಹೊಡೆಯುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ತಿರುಗುತ್ತದೆ. ಅದೇ ವಿಮಾನ ತಾನೇ ಅಪ್ಪ ಅಮ್ಮನನ್ನು ಹೊತ್ತು ಬೆಂಗಳೂರಿಗೆ ಬರಬೇಕಾದ್ದು? ಟಿಕೆಟ್ ಬೇರೆ ಬೇರೆ ಆದ್ದರಿಂದ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಫ್ರಾಂಕ್‌ಫರ್ಟ್ ವಿಮಾನದವರು ಹೊಸ ಸೀಟು ಕೊಡಬೇಕಾಗಿಲ್ಲ. ನಾನಾದರೆ ಮಧ್ಯಾಹ್ನದ ವಿಮಾನಕ್ಕೆ ಹಾಕುತ್ತಿದ್ದೆ.

ಇನ್ನೊಂದು ದಾರಿ ಇದೆ. ಮಂಗಳೂರು–ಬೆಂಗಳೂರು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಂದಿಳಿಯುವುದು ಟಿ2ಕ್ಕೆ. ಹೊತ್ತು ಹೊಂದಿದರೆ ಅದನ್ನು ನೋಡಿ. ಪೆಟ್ಟಿಗೆ ತಗೊಂಡು ಹೊರಗೆ ಬಂದು ಮತ್ತೆ ಒಳಗೆ ಹೋಗುವುದು ತಪ್ಪುವುದಿಲ್ಲ, ಆದರೆ ಬಸ್ ಹತ್ತಿ ಇಳಿಯುವುದು ತಪ್ಪುತ್ತದೆ. ಮಂಡಿನೋವಿನವರಿಗೆ ಅದೇ ದೊಡ್ಡದು. ಟಿಕೆಟ್ ಮಾಡುವಾಗ ಟರ್ಮಿನಲ್ ಯಾವುದು ಅಂತ ಓದಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಓದಿ.

ಉಡುಪಿಯವರು ಮತ್ತೆ

ಹೌದು, ನಾನು ಹೋಗಿದ್ದು 2019 ಮತ್ತು 2022. ಬದಲಾಗಿದ್ದು ಗೊತ್ತಿರಲಿಲ್ಲ, ಕ್ಷಮಿಸಿ. ಆದರೆ ವೆಬ್ ಚೆಕ್ಕಿನ್ ಮಾತು ಸರಿ ತಾನೇ?

ಪುತ್ತೂರಿನವರು

ಮಾಡಿದರೆ ಒಳ್ಳೆಯದೇ, ಸೀಟು ಅಕ್ಕಪಕ್ಕ ಸಿಗುತ್ತದೆ. ಆದರೆ ಪೆಟ್ಟಿಗೆ ಇದ್ದರೆ ಕೌಂಟರಿಗೆ ಹೋಗಲೇಬೇಕು. ವೀಸಾ ನೋಡುವುದೂ ಅಲ್ಲೇ. ಫೋನಲ್ಲಿ ಬೋರ್ಡಿಂಗ್ ಪಾಸ್ ಇದೆ ಅಂತ ಹಿರಿಯರು ನೇರ ಇಮಿಗ್ರೇಷನ್ ಕಡೆ ನಡೆದುಬಿಟ್ಟರೆ ಮತ್ತೆ ಹಿಂದೆ ಬರಬೇಕಾದೀತು.

ಕಾರ್ಕಳದಿಂದ ಒಬ್ಬರು

ನಮ್ಮ ಅನುಭವ ಮುಂಬೈದು. ಅಲ್ಲಿ ಟಿ1ಕ್ಕೆ ಇಳಿದು ಟಿ2ಕ್ಕೆ ಹೋಗಬೇಕಿತ್ತು. ಬೆಂಗಳೂರಿನ ಹಾಗೆ ಒಂದೇ ಆವರಣ ಅಲ್ಲ ಅದು, ಊರಿನ ರಸ್ತೆಯಲ್ಲೇ ಹೋಗಬೇಕು. ಆಗಸ್ಟ್ ಮಳೆ, ರಸ್ತೆ ತುಂಬ ಗಾಡಿ, ಟ್ಯಾಕ್ಸಿಗೆ 50 ನಿಮಿಷ ಆಯ್ತು. ಕೌಂಟರ್ ಮುಚ್ಚಲು ಎಂಟು ನಿಮಿಷ ಇದ್ದಾಗ ಮುಟ್ಟಿದೆವು. ಅವತ್ತು ನನ್ನ ಹೆಂಡತಿ ಅತ್ತದ್ದು ಇನ್ನೂ ಮರೆತಿಲ್ಲ. ಯಾರಾದರೂ ಮುಂಬೈ ಮೇಲೆ ಹೋಗುವವರಿದ್ದರೆ ಐದು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ.

ಮತ್ತೆ, ಫ್ರಾಂಕ್‌ಫರ್ಟ್‌ನಲ್ಲೂ ಟರ್ಮಿನಲ್ ಬದಲಾಗುತ್ತದಲ್ಲ, ಅಲ್ಲಿ ರೈಲು ಇದೆ, ಅದಕ್ಕೂ ಹೊತ್ತು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಫ್ರಾಂಕ್‌ಫರ್ಟ್‌ನಲ್ಲಿ ನಾನೇ ಬಂದು ಕರಕೊಂಡು ಹೋಗ್ತೀನಿ ಸಾರ್, ಮುಂದೆ ವಿಮಾನ ಇಲ್ಲ. ಚಿಂತೆ ಬೆಂಗಳೂರದ್ದೇ.

ಬ್ಯಾಗ್ ಬಗ್ಗೆ ಒಂದು ಕೇಳಬೇಕಿತ್ತು. ಮಂಗಳೂರಲ್ಲೇ ಫ್ರಾಂಕ್‌ಫರ್ಟ್‌ವರೆಗೆ ಟ್ಯಾಗ್ ಹಾಕಿ ಅಂದರೆ ಹಾಕಲ್ವಾ? ನನ್ನ ಸಹೋದ್ಯೋಗಿ ಒಬ್ಬರಿಗೆ ಹಾಕಿಕೊಟ್ಟರಂತೆ.

ಸುಳ್ಯದ ಅಕ್ಕ, ಟ್ರಾವೆಲ್ ಆಫೀಸಲ್ಲಿ ಕೆಲಸ

ಅವರದ್ದು ಒಂದೇ ಟಿಕೆಟ್ ಇದ್ದಿರಬೇಕು. ಒಂದೇ ಪಿಎನ್‌ಆರ್ ಆಗಿ, ಎರಡು ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಮಂಗಳೂರಲ್ಲಿ ಕೊಟ್ಟ ಪೆಟ್ಟಿಗೆ ಕೊನೆಯ ಊರಲ್ಲೇ ಸಿಗುತ್ತದೆ. ನಿಮ್ಮ ಹಾಗೆ ಬೇರೆ ಬೇರೆ ಮಾಡಿಸಿದ್ದರೆ ಅದನ್ನು ನಂಬಿ ಕೂರಬೇಡಿ. ಗೊತ್ತು ಮಾಡಿಕೊಳ್ಳುವುದು ಸುಲಭ. ಪೆಟ್ಟಿಗೆಗೆ ಸುತ್ತುವ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ BLR ಅಂತ ಇದ್ದರೆ ಬೆಂಗಳೂರಲ್ಲಿ ಇಳಿಸಿಕೊಳ್ಳಬೇಕು. FRA ಅಂತ ಇದ್ದರೆ ಮಾತ್ರ ಬೆಲ್ಟ್ ಹತ್ತಿರ ಕಾಯದೆ ಮುಂದೆ ಹೋಗಬಹುದು. ಅಪ್ಪನಿಗೆ ಈ ಮೂರು ಅಕ್ಷರ ಓದಿ ಫೋನ್ ಮಾಡೋದಕ್ಕೆ ಹೇಳಿ, ಮಂಗಳೂರಿನ ಕೌಂಟರ್ ಎದುರಲ್ಲೇ.

ಯಾರೂ ತೂಕದ ಮಾತು ಎತ್ತಲಿಲ್ಲ. ಫ್ರಾಂಕ್‌ಫರ್ಟ್ ಟಿಕೆಟ್‌ನಲ್ಲಿ ತಲಾ 23 ಕೆಜಿಯ ಪೆಟ್ಟಿಗೆ ಇರುತ್ತದೆ, ಕೆಲವದರಲ್ಲಿ ಎರಡೆರಡು. ಆದರೆ ಬೇರೆ ಟಿಕೆಟ್ ಆದ್ದರಿಂದ ಮಂಗಳೂರಲ್ಲಿ ನಡೆಯುವುದು ದೇಶದೊಳಗಿನ ಲೆಕ್ಕ, ಸಾಮಾನ್ಯವಾಗಿ ತಲಾ 15 ಕೆಜಿ. ಇಬ್ಬರೂ 23 ಕೆಜಿ ತುಂಬಿಕೊಂಡು ಬಂದರೆ 16 ಕೆಜಿ ಹೆಚ್ಚಾಯಿತು. ಅದಕ್ಕೆ ಕೌಂಟರಲ್ಲಿ ದುಡ್ಡು ಕೊಡುವುದಕ್ಕಿಂತ ಮೊದಲೇ ಆನ್‌ಲೈನಲ್ಲಿ ಕೊಂಡರೆ ಕಡಿಮೆಗೆ ಆಗುತ್ತದೆ. ಕೈಚೀಲವೂ 7 ಕೆಜಿ ದಾಟದಿರಲಿ.

ಮತ್ತೆ ಅಮ್ಮಂದಿರ ಪೆಟ್ಟಿಗೆ. ಇಡೀ ಒಣ ಕೊಬ್ಬರಿ ಹಾಕಬಾರದು. ಅದರಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಹಿಡಿಯುವ ವಸ್ತು ಅಂತ 2022ರಿಂದ ಚೆಕ್ಕಿನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬ್ಯಾಗ್ ಎರಡು ಸಲ ಕೊಡುವುದರಿಂದ ಎರಡು ಕಡೆ ಸ್ಕ್ಯಾನ್ ಆಗುತ್ತದೆ. ಮಂಗಳೂರಲ್ಲಿ ದಾಟಿದ್ದು ಬೆಂಗಳೂರಲ್ಲಿ ನಿಂತರೆ ಕರೆದು ಬಿಚ್ಚಿಸುತ್ತಾರೆ, ಹೊತ್ತು ಹೋಗುತ್ತದೆ.

ನೀರಿನ ಬಾಟಲಿಯೂ ಹಾಗೆಯೇ. ಮಂಗಳೂರಿನ ಸೆಕ್ಯುರಿಟಿಯಲ್ಲಿ ಏನೂ ಅನ್ನದೆ ಬಿಟ್ಟಿರುತ್ತಾರೆ. ವಿದೇಶದ ವಿಮಾನಕ್ಕೆ 100 ಮಿಲಿ ಮೇಲಿನ ಯಾವ ದ್ರವವೂ ಕೈಯಲ್ಲಿ ಇರಬಾರದು. ನೀರು ಚೆಲ್ಲಿ ಖಾಲಿ ಬಾಟಲಿ ಒಯ್ಯಬಹುದು. ಮಂಡಿಗೆ ಹಚ್ಚುವ ಎಣ್ಣೆ, ಉಪ್ಪಿನಕಾಯಿ ಎಲ್ಲ ದೊಡ್ಡ ಪೆಟ್ಟಿಗೆಗೆ. ಇದನ್ನು ಟಿ2 ಕೌಂಟರಲ್ಲಿ ಪೆಟ್ಟಿಗೆ ಕೊಡುವ ಮೊದಲು ನೋಡಿಕೊಳ್ಳಬೇಕು. ಆಮೇಲೆ ಸೆಕ್ಯುರಿಟಿಯಲ್ಲಿ ಬಿಟ್ಟು ಹೋಗುವುದೊಂದೇ ದಾರಿ.

ಪ್ರಶ್ನೆ ಕೇಳಿದವರು

ಅಯ್ಯೋ, ಕೊಬ್ಬರಿ ನಾನೇ ತರೋದಕ್ಕೆ ಹೇಳಿದ್ದೆ! ಈಗಲೇ ಬೇಡ ಅಂತೀನಿ. ಅಮ್ಮನಿಗೆ ವೀಲ್‌ಚೇರ್ ಹೇಳಿದ್ದೀನಿ, ಫ್ರಾಂಕ್‌ಫರ್ಟ್ ಟಿಕೆಟ್‌ಗೆ. ಮಂಗಳೂರಿಂದಲೇ ಸಿಗುತ್ತಾ?

ಸುಳ್ಯದ ಅಕ್ಕ

ಇಲ್ಲ. ಇಂಡಿಗೋ ಟಿಕೆಟ್‌ಗೂ ಬೇರೆಯಾಗಿ ಹೇಳಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೋಗುವುದಿಲ್ಲ. ಟಿ1ರಲ್ಲಿ ತಳ್ಳಿಕೊಂಡು ಬಂದವರು ಹೊರಗಿನ ಬಾಗಿಲವರೆಗೆ ಬಿಡುತ್ತಾರೆ. ಫ್ರಾಂಕ್‌ಫರ್ಟ್ ವಿಮಾನದವರ ವೀಲ್‌ಚೇರ್ ಸಿಗುವುದು ಟಿ2 ಕೌಂಟರಿನಲ್ಲಿ. ನಡುವಿನ ಭಾಗವೇ ಕಷ್ಟದ್ದು.

ಪುತ್ತೂರಿನವರು

ನಮ್ಮತ್ತೆಗೆ ಸಹಾಯಕ್ಕೆ ಬಂದ ಹುಡುಗ ಬಸ್ ನಿಲ್ಲುವ ಜಾಗದವರೆಗೂ ಬಂದು, ಹತ್ತಿಸಿಯೇ ಹೋದ. ಬಾಗಿಲಲ್ಲಿ ಬಿಡಬೇಕಿತ್ತೋ ಏನೋ, ನಾನು ಕೇಳಿಕೊಂಡೆ, ಬಂದ.

ಸುರತ್ಕಲ್‌ನಿಂದ ಒಬ್ಬರು

ನನ್ನ ತಂದೆಗೆ ಹಾಗಾಗಲಿಲ್ಲ. ಬಾಗಿಲಲ್ಲೇ ಎಬ್ಬಿಸಿ ಖಾಲಿ ಕುರ್ಚಿ ತಗೊಂಡು ಹೋದರು. ಅಲ್ಲಿಂದ ತಾಯಿ ಎರಡು ಪೆಟ್ಟಿಗೆ, ತಂದೆಯ ಕೈ ಎರಡನ್ನೂ ಹಿಡಿದುಕೊಂಡು ಬಸ್ ಹುಡುಕಿದರು. ಅದಕ್ಕೇ ಈಗ ನಮ್ಮಲ್ಲಿ ಯಾರೇ ಹೀಗೆ ಹೋದರೂ ಬೆಂಗಳೂರಲ್ಲಿರುವ ತಂಗಿ ಗಂಡ ಟಿ1 ಬಾಗಿಲಿಗೆ ಬಂದು ಕಾರಲ್ಲಿ ಟಿ2ಕ್ಕೆ ಬಿಡುತ್ತಾರೆ. ನಿಮಗೆ ಬೆಂಗಳೂರಲ್ಲಿ ಯಾರಾದರೂ ಇದ್ದರೆ ಸಂಕೋಚ ಬಿಟ್ಟು ಕೇಳಿ.

ಅಪ್ಪ ಅಮ್ಮ ವಾಪಸ್ ಬರುವಾಗಿನದ್ದೂ ಈಗಲೇ ಯೋಚಿಸಿ. ಬರುವಾಗ ಒಂದೇ ಟಿಕೆಟ್ ಇದ್ದರೂ ಪೆಟ್ಟಿಗೆಯನ್ನು ಬೆಂಗಳೂರಲ್ಲಿ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಟ್ಯಾಗಲ್ಲಿ ಮಂಗಳೂರು ಅಂತ ಇದೆ ಅಂದುಕೊಂಡು ತಂದೆ ಬೆಲ್ಟ್ ಕಡೆ ನೋಡದೇ ಹೊರಗೆ ಬಂದಿದ್ದರು. ಅವರು ಮಂಗಳೂರು ಮುಟ್ಟಿದರು, ಪೆಟ್ಟಿಗೆ ಬಂದಿದ್ದು ಎರಡು ದಿನ ಬಿಟ್ಟು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಧ್ಯಾಹ್ನ ಟಿ2ಕ್ಕೆ ಇಳಿಯುವ ಒಂದು ವಿಮಾನ ಸಿಕ್ಕಿದೆ, ಹಳೇ ಟಿಕೆಟ್ ರದ್ದು ಮಾಡಿದರೆ ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ. ಆದರೆ ಆಗ ಹತ್ತು ಗಂಟೆಗೂ ಜಾಸ್ತಿ ಕಾಯಬೇಕು, ಕೌಂಟರ್ ತೆರೆಯುವವರೆಗೆ ಪೆಟ್ಟಿಗೆ ಕೈಯಲ್ಲೇ. ಅಷ್ಟು ಮೊದಲೇ ಟಿ2 ಬಾಗಿಲಲ್ಲಿ ಒಳಗೆ ಬಿಡುತ್ತಾರಾ, ಅಥವಾ ಹೊರಗೇ ಕೂರಬೇಕಾ? ಅಮ್ಮನಿಗೆ ಕಾಲು ನೀಡಿ ಕೂರಲು ಜಾಗ ಬೇಕು.

ಪುತ್ತೂರಿನವರು

ನಾವು ನಾಲ್ಕು ಗಂಟೆ ಮೊದಲು ಹೋದಾಗ ಬಿಟ್ಟರು. ಹತ್ತು ಗಂಟೆ ಮೊದಲು ಹೋದವರು ಯಾರಾದರೂ ಇದ್ದರೆ ಹೇಳಿ. ಬಿಡದಿದ್ದರೆ ನಮ್ಮ ಮನೆ ಹೆಬ್ಬಾಳದಲ್ಲಿದೆ ಮೇಡಂ. ಊಟ ಮಾಡಿ, ಮಲಗಿ, ರಾತ್ರಿ ಹತ್ತಕ್ಕೆ ಹೊರಟರೂ ಆಗುತ್ತದೆ. ನಮ್ಮೂರ ಕಡೆಯವರು ನೀವು, ಫೋನ್ ಮಾಡಿ.