ಫೈನಲ್ ವ್ಯಾಲ್ಯೂ ಥಿಯರಂ 0.95 ಅನ್ನುತ್ತದೆ, ಸಿಮ್ಯುಲೇಶನ್ ಮಾತ್ರ ಎತ್ತಲೋ ಹಾರುತ್ತಿದೆ

ಮೋಟಾರ್_ಮರಿ
ಚಿಕ್ಕ ಡಿಸಿ ಮೋಟಾರಿನ ವೇಗ ಒಂದೇ ಸಮ ಇರಲಿ ಅಂತ ಲೂಪ್ ಕಟ್ಟುತ್ತಿದ್ದೇನೆ. ಮೋಟಾರ್, ಡ್ರೈವರ್, ಟ್ಯಾಕೋ ಫಿಲ್ಟರ್ ಮೂರೂ ಸೇರಿ ಮಾಡೆಲ್ ಹೀಗಿದೆ: `G(s) = 8/((s+1)(s+2)(s+4))`. ಕಂಟ್ರೋಲರ್ ಬರೀ ಗೇನ್, `K`. ಇನ್‌ಪುಟ್ 1 ವೋಲ್ಟ್ ಸ್ಟೆಪ್. ಔಟ್‌ಪುಟ್ ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ `sY(s)` ತೆಗೆದುಕೊಂಡು `s = 0` ಹಾಕಿದರೆ `K/(1+K)` ಬರುತ್ತದೆ. `K = 9` ಇದ್ದಾಗ 0.9, 40 ಸೆಕೆಂಡ್ ಓಡಿಸಿ ನೋಡಿದೆ, ಸರಿಯಾಗಿ ಅಲ್ಲೇ ನಿಂತಿತು. ಎರರ್ ಅರ್ಧ ಆಗಲಿ ಅಂತ `K = 19` ಮಾಡಿದೆ. ಲೆಕ್ಕದಲ್ಲಿ 0.95. ಸ್ಕ್ರೀನಿನಲ್ಲಿ ಗ್ರಾಫ್ ತೂಗಾಡುತ್ತಾ ದೊಡ್ಡದಾಗುತ್ತಲೇ ಹೋಗುತ್ತದೆ. ಆದರೂ `dcgain` 0.95 ಅಂತಲೇ ಹೇಳುತ್ತಿದೆ! ಯಾವುದನ್ನು ನಂಬಬೇಕು?

```
pkg load control
s = tf('s');
G = 8/((s+1)*(s+2)*(s+4));
K = 19;
T = feedback(K*G, 1);
dcgain(T)
step(T, 10)
```

ಬೆಡ್ ಬಿಸಿ
ನನ್ನದೂ ಇದೇ ಕಥೆ ಗುರು. ತ್ರೀಡಿ ಪ್ರಿಂಟರ್ ಬೆಡ್‌ಗೆ 60 ಡಿಗ್ರಿ ಸೆಟ್ ಮಾಡಿದರೆ 57ಕ್ಕೇ ನಿಂತುಬಿಡುತ್ತದೆ. ಬರೀ ಗೇನ್ ಇರುವ ಕಂಟ್ರೋಲರ್. ಸೆನ್ಸರ್ ಬದಲಾಯಿಸಿದರೂ ಅಷ್ಟೇ. ನೀವು ಯಾವ ಸೆನ್ಸರ್ ಹಾಕಿದ್ದೀರಿ?

ಸೊನ್ನೆಯ ಹತ್ತಿರ
ಬಿಸಿಯವರೇ, ನಿಮ್ಮದು ಬೇರೆ ವಿಷಯ, ಆಮೇಲೆ ಬರುತ್ತೇನೆ. ಮೊದಲು ಮರಿ.

`K = 19` ಇಟ್ಟು `pole(T)` ಕೊಟ್ಟು ನೋಡಿ. ಒಂದು -7.82ರ ಸುತ್ತ, ಉಳಿದೆರಡು `0.41 ± 4.50j` ಬರುತ್ತವೆ. ಆ 0.41 ಪ್ಲಸ್ ಇದೆಯಲ್ಲ, ತಂಟೆ ಅದರದ್ದೇ. ಈಗ `Y(s)` ಅನ್ನು ತುಂಡು ತುಂಡಾಗಿ ಒಡೆದು ಬರೆದುಕೊಳ್ಳಿ. ಒಂದು ತುಂಡು `0.95/s`. ಉಳಿದವು ಒಂದೊಂದು ಪೋಲಿಗೆ ಒಂದೊಂದು, `A/(s - p)` ಆಕಾರದಲ್ಲಿ. ಎಲ್ಲದಕ್ಕೂ `s` ಗುಣಿಸಿ `s = 0` ಹಾಕಿದರೆ ಮೊದಲ ತುಂಡು 0.95 ಆಗಿ ಉಳಿಯುತ್ತದೆ, ಮಿಕ್ಕವೆಲ್ಲ ಸೊನ್ನೆಯಿಂದ ಗುಣಿಸಿಕೊಂಡು ಮಾಯ. ಆ ತುಂಡುಗಳು ಕಾಲದಲ್ಲಿ ಕರಗುತ್ತವೋ ಬೆಳೆಯುತ್ತವೋ ಅಂತ ಈ ಗುಣಾಕಾರ ಕೇಳುವುದೇ ಇಲ್ಲ. ಕರಗಿದರೆ ಮಾತ್ರ ನಿಮಗೆ ಸಿಕ್ಕ 0.95 ಕೊನೆಯ ಬೆಲೆ. ನಿಮ್ಮ ಕೇಸಿನಲ್ಲಿ ಅವು ಬೆಳೆಯುತ್ತವೆ, 10 ಸೆಕೆಂಡಿಗೆ `e^4.1`, ಅಂದರೆ ಸುಮಾರು 60 ಪಟ್ಟು. `dcgain` ಮಾಡುವುದೂ ಬರೀ `s = 0` ಹಾಕುವ ಕೆಲಸವೇ, ಹಾಗಾಗಿ ಅದು ಸುಳ್ಳು ಹೇಳುತ್ತಿಲ್ಲ, ನೀವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದೆ.

ಇನ್ವರ್ಸ್ ತೆಗೆಯದೇ ಕೊನೆಯ ಬೆಲೆ ಸಿಗುವುದೂ ಇದರಿಂದಲೇ ಅಲ್ವಾ. ಎಲ್ಲ ತುಂಡುಗಳಲ್ಲಿ ನಮಗೆ ಬೇಕಿದ್ದದ್ದು `1/s` ಒಂದೇ.

ಪೋಲ್ ಕಂಡುಹಿಡಿಯುವ ಗೋಜೂ ಬೇಡ. ಕ್ಲೋಸ್ಡ್ ಲೂಪಿನ ಛೇದ `s^3 + 7s^2 + 14s + 8 + 8K`. ರೌತ್ ಪ್ರಕಾರ 7 × 14 = 98, ಇದು `8 + 8K`ಗಿಂತ ಜಾಸ್ತಿ ಇರಬೇಕು. ಅಂದರೆ `K` 11.25ರ ಒಳಗೆ. 9 ಪಾಸ್, 19 ಫೇಲ್. ಇದನ್ನು ನೋಡಿಕೊಂಡು ಆಮೇಲೆ `s = 0` ಹಾಕಿ, ಮೊದಲೇ ಹಾಕಿದರೆ ಸಿಗುವ ನಂಬರಿಗೆ ಅರ್ಥವಿಲ್ಲ.

ತರಂಗ ತಿಮ್ಮಣ್ಣ
ಅರ್ಥವಿಲ್ಲ ಅಂದರೆ ಹೇಗೆ ಸರ್? ನಾನು `K = 11.25` ಇಟ್ಟು ನೋಡಿದೆ. ಗ್ರಾಫ್ ನಿಲ್ಲದೆ ತೂಗಾಡುತ್ತದೆ, ಆದರೆ ಸರಾಸರಿ 0.918. ಥಿಯರಂ ಕೊಡುವುದೂ 11.25/12.25, ಅದೇ 0.918. ಹಾಗಾದರೆ ಅದು ಕೊಡುವುದು ಸರಾಸರಿ. ಎಲ್ಲ ಕಡೆ ಹಾಗೇ ಓದಿಕೊಂಡರೆ ಆಯಿತು.

ಸೊನ್ನೆಯ ಹತ್ತಿರ
ತಿಮ್ಮಣ್ಣನವರೇ, ಅಂಚಿನಲ್ಲಿ ನೀವು ಹೇಳಿದ್ದು ಸರಿ. ಅಲ್ಲಿ ಎರಡು ಪೋಲ್ ನೇರ `±3.74j` ಮೇಲೆ ಕೂತಿವೆ, ತೂಗಾಟ ಹೆಚ್ಚೂ ಆಗದು, ಕಡಿಮೆಯೂ ಆಗದು. ಮೇಲೂ ಕೆಳಗೂ ಸಮ ಇರುವುದರಿಂದ ಸರಾಸರಿ ತೆಗೆದರೆ `1/s`ನ ತುಂಡು ಮಾತ್ರ ಉಳಿಯುತ್ತದೆ. ಆದರೆ 19ಕ್ಕೆ ಅದನ್ನು ಎಳೆಯಬೇಡಿ. ಅಲ್ಲಿ ಪ್ರತಿ ಸುತ್ತೂ ಹಿಂದಿನದಕ್ಕಿಂತ ದೊಡ್ಡದು. ನೀವು ಎಷ್ಟು ಹೊತ್ತಿನ ಸರಾಸರಿ ತೆಗೆದಿರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಅದು ಸರಾಸರಿಯಲ್ಲ, ಬರೀ ಸಮತೋಲದ ಜಾಗ. ಅಲ್ಲಿ ಸರಿಯಾಗಿ ಇಟ್ಟರೆ ಇರುತ್ತದೆ, ಕೂದಲೆಳೆಯಷ್ಟು ಅಲುಗಿದರೂ ಓಡುತ್ತದೆ.

ಮರಿ, ಇನ್ನೊಂದು. `K = 9` ಪಾಸ್ ಆದರೂ ಅದರ ಪೋಲ್ `-0.15 ± 3.45j`. 10 ಸೆಕೆಂಡಿನಲ್ಲಿ ತೂಗಾಟ ಸುಮಾರು ಐದನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಅಷ್ಟೇ. ನೀವು 40 ಸೆಕೆಂಡ್ ಓಡಿಸಿದ್ದಕ್ಕೆ 0.9 ಕಂಡಿತು. ಎಷ್ಟು ಹೊತ್ತಿಗೆ ಅಂತ ಈ ಥಿಯರಂ ಬಾಯಿ ಬಿಡುವುದಿಲ್ಲ.

ಮೋಟಾರ್_ಮರಿ
ಈಗ ತಲೆಗೆ ಹೋಯಿತು ಸರ್. ಆದರೆ ಒಂದು ವಿಚಿತ್ರ. ನಿಜವಾದ ಬೋರ್ಡಿನಲ್ಲಿ `K = 19` ಇಟ್ಟಾಗ ಮೋಟಾರ್ ಹಾರಿ ಹೋಗಲಿಲ್ಲ. ಗುಂಯ್ ಗುಂಯ್ ಅಂತ ಒಂದೇ ಅಳತೆಯಲ್ಲಿ ತೂಗಾಡುತ್ತಾ ಇತ್ತು. ಡ್ರೈವರ್ 12 ವೋಲ್ಟಿನದು.

ಸೊನ್ನೆಯ ಹತ್ತಿರ
ಅದಕ್ಕೆ ಇನಿಶಿಯಲ್ ವ್ಯಾಲ್ಯೂ ಥಿಯರಂ ಹಾಕಿ ನೋಡಿ, ಈ ಸಲ ಔಟ್‌ಪುಟ್‌ಗೆ ಅಲ್ಲ, ಡ್ರೈವರಿಗೆ ಹೋಗುವ `u`ಗೆ. `U(s) = K/(1 + KG) × 1/s`. `s` ಗುಣಿಸಿ, ಈಗ `s` ಅನಂತಕ್ಕೆ ಕಳಿಸಿ. `G` ಸೊನ್ನೆಗೆ ಇಳಿಯುತ್ತದೆ, ಉಳಿಯುವುದು `K`. ಅಂದರೆ ಸ್ವಿಚ್ ಒತ್ತಿದ ಕ್ಷಣದಲ್ಲೇ ನಿಮ್ಮ ಕಂಟ್ರೋಲರ್ 19 ವೋಲ್ಟ್ ಕೇಳುತ್ತಿದೆ. ಡ್ರೈವರ್ 12ಕ್ಕೇ ಕೈ ಎತ್ತುತ್ತದೆ. ಈ ಲೆಕ್ಕಕ್ಕೆ ಪೋಲ್ ಎಲ್ಲಿದೆ ಅನ್ನುವ ಚಿಂತೆ ಇಲ್ಲ, `t = 0` ಆದ ಕೂಡಲೇ ಏನು ಅಂತಷ್ಟೇ ಕೇಳುವುದರಿಂದ ಅನ್‌ಸ್ಟೇಬಲ್ ಲೂಪಿಗೂ ನಡೆಯುತ್ತದೆ. `K = 9`ಕ್ಕೆ 9 ವೋಲ್ಟ್, ಆರಾಮ.

ಮುಂದೆ ಡೆರಿವೇಟಿವ್ ಸೇರಿಸುವ ಯೋಚನೆ ಇದ್ದರೆ ಇದೇ ಲೆಕ್ಕ ಮೊದಲು ಮಾಡಿ. `K(1 + Td s/(1 + s Td/N))` ಅಂತ ಫಿಲ್ಟರ್ ಇರುವ ರೂಪಕ್ಕೆ `u(0+)` ಬರುವುದು `K(1+N)`. `K = 9`, `N = 10` ಅಂದರೆ 99 ವೋಲ್ಟ್! ಫಿಲ್ಟರ್ ಇಲ್ಲದೆ ಬರೀ `Td s` ಹಾಕಿದರೆ ಲಿಮಿಟ್ಟೇ ಸಿಗದು, ಆ ಕ್ಷಣದಲ್ಲಿ ಇಂಪಲ್ಸ್ ಕೂತಿರುತ್ತದೆ, ಥಿಯರಂ ಅಲ್ಲಿಗೆ ಅನ್ವಯಿಸುವುದೇ ಇಲ್ಲ.

ಬೆಡ್ ಬಿಸಿ
ನನ್ನ 57?

ಸೊನ್ನೆಯ ಹತ್ತಿರ
ರೂಮಿನ ತಾಪ ಎಷ್ಟು?

ಬೆಡ್ ಬಿಸಿ
27 ಇತ್ತು.

ಸೊನ್ನೆಯ ಹತ್ತಿರ
ಹಾಗಾದರೆ ಸೆನ್ಸರ್ ಪಾಪ, ಅದರದ್ದೇನೂ ತಪ್ಪಿಲ್ಲ. ಲೆಕ್ಕವನ್ನು ಸೊನ್ನೆ ಡಿಗ್ರಿಯಿಂದ ಅಲ್ಲ, ರೂಮಿನಿಂದ ಶುರು ಮಾಡಿ. ಬೇಕಿದ್ದದ್ದು 33 ಡಿಗ್ರಿ ಏರಿಕೆ, ಸಿಕ್ಕಿದ್ದು 30. 30/33 ಅಂದರೆ 10/11, ಅಂದರೆ ನಿಮ್ಮ ಲೂಪಿನ ಒಟ್ಟು ಗೇನ್ 10. ರೂಮ್ 22ಕ್ಕೆ ಇಳಿದ ದಿನ ನೋಡಿ, 38ರಲ್ಲಿ 34.5 ಏರಿ 56.5ರ ಹತ್ತಿರ ನಿಲ್ಲಬೇಕು. ಸೆನ್ಸರ್ ತಪ್ಪಾಗಿದ್ದರೆ ಹೀಗೆ ರೂಮಿನ ಜೊತೆ ಇಳಿಯುತ್ತಿರಲಿಲ್ಲ. ಇಂಟಿಗ್ರಲ್ ಸೇರಿಸಿ, ಲೂಪ್ ಸ್ಟೇಬಲ್ ಇದ್ದರೆ ಈ ಕೊರತೆ ಹೋಗುತ್ತದೆ.

ತರಂಗ ತಿಮ್ಮಣ್ಣ
ಮರಿ, ಬೋರ್ಡಿನಲ್ಲಿ ತೂಗಾಡಿತು ಅಂದೆಯಲ್ಲ, ಅದರ ಸರಾಸರಿ ಎಷ್ಟಪ್ಪ?

ಮೋಟಾರ್_ಮರಿ
0.95 ಅಲ್ಲ ಅಣ್ಣ. ಅದಕ್ಕಿಂತ ಕಡಿಮೆ ಇತ್ತು, 0.8ರ ಆಸುಪಾಸು.

ತರಂಗ ತಿಮ್ಮಣ್ಣ
ಡ್ರೈವರ್ 0ಯಿಂದ 12ರವರೆಗೆ ಮಾತ್ರ ಕೊಡುವುದಾ, ಮೈನಸ್ ಕೊಡುವುದಿಲ್ವಾ? ಹಾಗಿದ್ದರೆ ಮೇಲೆ ಕೆಳಗೆ ಸಮ ಇರಲಿಕ್ಕಿಲ್ಲ.

ಸೊನ್ನೆಯ ಹತ್ತಿರ
ಇರಬಹುದು. ಬ್ರಷ್ ಘರ್ಷಣೆಯೂ ಇರಬಹುದು. ಮಿತಿ ಮುಟ್ಟಿದ ಮೇಲೆ ಲೂಪ್ ಲೀನಿಯರ್ ಅಲ್ಲ, ಲ್ಯಾಪ್ಲಾಸ್ ಬದಿಗಿಡಿ. `u` ಮತ್ತು ಟ್ಯಾಕೋ ಎರಡನ್ನೂ ಒಟ್ಟಿಗೆ ಸ್ಕೋಪಿಗೆ ಹಾಕಿ ಫೋಟೋ ಕಳಿಸಿ, ಯಾವ ಬದಿ ಎಷ್ಟು ಹೊತ್ತು ಕತ್ತರಿಸುತ್ತಿದೆ ನೋಡೋಣ.

ಮೋಟಾರ್_ಮರಿ
ಸ್ಕೋಪ್ ಗೆಳೆಯನ ಹತ್ತಿರ ಇದೆ ಸರ್, ಶನಿವಾರ ತರುತ್ತೇನೆ.