ಅಪ್‌ಡೇಟ್: ನಡುರಾತ್ರಿ ಎಬ್ಬಿಸುತ್ತಿದ್ದ ಕೆಮ್ಮು

ನಾನು ಕೇಳಿದ್ದು: "ಸಕಲೇಶಪುರದವನು, ಆಸ್ತಮಾ ಇದೆ. ರಾತ್ರಿ ಒಂದು ಗಂಟೆಗೆ ಕೆಮ್ಮು, ಉಬ್ಬಸ, ಬಾಯಲ್ಲಿ ಹುಳಿ. ಮೂರು ದಿಂಬು ಇಟ್ಟರೂ ಪ್ರಯೋಜನವಿಲ್ಲ. ಹೇಗೆ ಮಲಗಲಿ?"

ಮೂರು ವಾರ ಕಳೆಯಿತು. ಹಾಸನದ ವೈದ್ಯರು ಕೊಳವೆಯೊಳಗೆ ಊದಿಸಿ ಪರೀಕ್ಷಿಸಿದರು. ಆಸ್ತಮಾ ಇರುವುದು ನಿಜ, ಜೊತೆಗೆ ಹೊಟ್ಟೆಯ ಆಮ್ಲವೂ ಮೇಲೇರುತ್ತಿದೆ ಎಂದರು.

ತಮಾಷೆಯೆಂದರೆ, ದಿಂಬುಗಳೇ ಕಾಟ ಕೊಡುತ್ತಿದ್ದವು. ಅವು ಸೊಂಟದ ಬಳಿ ಮೈಯನ್ನು ಮಡಿಸಿ ಹೊಟ್ಟೆಯನ್ನು ಒತ್ತುತ್ತವೆ. ಮಂಚವನ್ನೇ ಎತ್ತರಿಸಿ ಎಂದವರ ಸಲಹೆ ಫಲಿಸಿತು. ಬಡಗಿಯಿಂದ ಸಿಲ್ವರ್ ಓಕ್‌ನ ಆರು ಇಂಚಿನ ಎರಡು ದಿಮ್ಮಿ ಮಾಡಿಸಿ, ತಲೆಭಾಗದ ಕಾಲುಗಳ ಕೆಳಗಿಟ್ಟೆ. ಕಾಲು ಜಾರದಂತೆ ದಿಮ್ಮಿಯಲ್ಲಿ ಕುಳಿ ತೋಡಿಸಿಕೊಳ್ಳಿ. ಮೊದಲ ರಾತ್ರಿ ನಾನೇ ಕೆಳಕ್ಕೆ ಜಾರಿಕೊಂಡು ಹೋಗಿದ್ದೆ, ಈಗ ರೂಢಿಯಾಗಿದೆ.

ಎಡಮಗ್ಗುಲಿನ ಸಲಹೆಯೂ ಸರಿ. ಹಾಗೆ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ನಿದ್ದೆಯಲ್ಲಿ ಬಲಕ್ಕೆ ಹೊರಳಿದ ದಿನ ಹುಳಿ ಮತ್ತೆ ಬರುತ್ತಿತ್ತು. ಬೆನ್ನಿಗೊಂದು ದಿಂಬು ಒತ್ತಿಟ್ಟ ಮೇಲೆ ಹೊರಳುವುದು ನಿಂತಿತು.

ಹಬೆ, ಮೆಣಸಿನ ಕಷಾಯ ಕೆಲಸ ಮಾಡಲಿಲ್ಲ.

ಅಚ್ಚರಿಯಾಗಿದ್ದು ಬೇರೆಯೇ. ಉಬ್ಬಸಕ್ಕೆಂದು ವರ್ಷಗಳಿಂದ ನುಂಗುತ್ತಿದ್ದ ಥಿಯೋಫಿಲಿನ್ ಮಾತ್ರೆ ಜಠರದ ಬಾಯಿಯ ಸ್ನಾಯುವನ್ನು ಸಡಿಲಿಸಬಲ್ಲದಂತೆ! ವೈದ್ಯರು ಅದನ್ನು ಬದಲಿಸಿದರು; ನೀವಾಗಿಯೇ ನಿಲ್ಲಿಸಬೇಡಿ. ಇನ್‌ಹೇಲರ್ ಎಂದಿನಂತೆ ಮುಂದುವರಿದಿದೆ, ಮಲಗುವ ಭಂಗಿ ಅದಕ್ಕೆ ಬದಲಿಯಲ್ಲ.

ಊಟ ಈಗ ಏಳಕ್ಕೆ, ನಿದ್ದೆ ಹತ್ತೂವರೆಗೆ. ಕಳೆದ ಹತ್ತು ದಿನಗಳಲ್ಲಿ ಎಚ್ಚರವಾಗಿದ್ದು ಒಂದೇ ರಾತ್ರಿ. ಅಂದು ನೆಂಟರ ಮನೆಯಲ್ಲಿ ಹತ್ತು ಗಂಟೆಗೆ ಕಡುಬು, ಕೋಳಿ ಸಾರು ಉಂಡಿದ್ದೆ.