ಜರ್ಮನ್ ರೈಲು ಅನೌನ್ಸ್‌ಮೆಂಟ್: ‘ಹೊಯ್ಟೆ’ ಅಂದ್ರೆ ಕಿವಿ ನಿಗುರಿಸಿ

ಇಲ್ಮೆನೌ ಹೊರಟವನು: ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಮಾಸ್ಟರ್ಸ್‌ಗೆ ಇಲ್ಮೆನೌಗೆ ಹೋಗ್ತಿದೀನಿ. ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಿಂದ ಎರ್ಫುರ್ಟ್‌ವರೆಗೆ ಐಸಿಇ ಅನ್ನೋ ವೇಗದ ರೈಲು, ಅಗ್ಗದ ಟಿಕೆಟ್. ಅಲ್ಲಿ 13 ನಿಮಿಷದಲ್ಲಿ ಲೋಕಲ್ ರೈಲು ಹಿಡೀಬೇಕು, ಅದಕ್ಕೆ ಟಿಕೆಟ್ ಬೇರೆ. ಜರ್ಮನ್ ಎ2 ಮಟ್ಟ ಮುಗಿಸಿದೀನಿ, ಆದ್ರೂ ಸ್ಟೇಷನ್ ಅನೌನ್ಸ್‌ಮೆಂಟ್ ವಿಡಿಯೋ ಹಾಕಿದ್ರೆ ಒಂದು ಪದಾನೂ ಹತ್ತಲ್ಲ. ಲೇಟ್ ಆದಾಗ ಏನು ಕೇಳಿಸ್ಕೋಬೇಕು? ಅನುಭವ ಇರೋರು ಹೇಳಿ.

ಕಾಸೆಲ್ ಅಕ್ಕ: ಹನ್ನೊಂದು ವರ್ಷದಿಂದ ವಾರಕ್ಕೆ ನಾಲ್ಕು ದಿನ ಇದೇ ರೈಲುಗಳಲ್ಲಿ ಓಡಾಡ್ತಿದೀನಿ ತಮ್ಮಾ. ಮೊದಲ ವರ್ಷ ನಾನೂ ಪ್ರತಿ ಪದದ ಹಿಂದೆ ಬಿದ್ದು ಸುಸ್ತಾದೆ. ಆಮೇಲೆ ಗೊತ್ತಾಯ್ತು, ವಾಕ್ಯ ಯಾವಾಗಲೂ ಒಂದೇ ಅಚ್ಚಿನದು. ಮೊದಲು ರೈಲಿನ ನಂಬರ್, ಆಮೇಲೆ ‘ನಾಖ್’ ಅಂತ ರೈಲಿನ ಕೊನೆ ಊರು, ಆಮೇಲೆ ‘ಆಪ್‌ಫಾರ್ಟ್’ ಅಂತ ವೇಳಾಪಟ್ಟಿಯ ಟೈಮು. ನಂಬರೂ ಟೈಮೂ ನಿನ್ನ ಟಿಕೆಟ್ ಮೇಲೆ ಇದ್ದೇ ಇರುತ್ತೆ, ಇದು ನಿನ್ನ ರೈಲೇ ಅಂತ ಗುರುತಿಸೋಕೆ ಸಾಕು. ಆಮೇಲೆ ‘ಹೊಯ್ಟೆ’ ಅನ್ನೋ ಪದ ಬರುತ್ತೆ, ಇವತ್ತು ಅಂತ. ಎಡವಟ್ಟೆಲ್ಲ ಅದರ ಹಿಂದೆ. ‘ಹೊಯ್ಟೆ ತ್ಸಿರ್ಕಾ ಫಿಯರ್ತ್ಸಿಶ್ ಮಿನೂಟೆನ್ ಶ್ಪೇಟರ್’ ಅಂದ್ರೆ ನಲವತ್ತು ನಿಮಿಷ ತಡ. ‘ಹೊಯ್ಟೆ ಫೊನ್ ಗ್ಲೈಸ್ ನೊಯ್ನ್’ ಅಂದ್ರೆ ಪ್ಲಾಟ್‌ಫಾರ್ಮ್ 9ಕ್ಕೆ ಓಡು.

ನಾನು ಸೋತಿದ್ದು ಲೆಕ್ಕದಲ್ಲಿ. ರೈಲು 14:35ಕ್ಕೆ ಇತ್ತು, ನಲವತ್ತು ನಿಮಿಷ ತಡ ಅಂದ್ರು. 14:50ಕ್ಕೆ ಮತ್ತೆ ಅದೇ ನಲವತ್ತು ಅಂದ್ರು. ಅಲ್ಲಿಂದ ಇನ್ನೂ ನಲವತ್ತು ಅಂದ್ಕೊಂಡು 15:30 ಅಂತ ಲೆಕ್ಕ ಹಾಕಿ ಹೊರಗೆ ಸಿಮ್ ಕಾರ್ಡ್ ಅಂಗಡಿಗೆ ಹೋದೆ. ರೈಲು 15:15ಕ್ಕೇ ಬಂದು ಹೋಗಿತ್ತು. ಅವರು ಹೇಳೋ ನಿಮಿಷ ಯಾವಾಗಲೂ ವೇಳಾಪಟ್ಟಿಯ ಟೈಮಿಂದ ಎಣಿಕೆ, ನೀನು ನಿಂತ ಕ್ಷಣದಿಂದ ಅಲ್ಲ.

ಚಿಕ್ಕಮಗಳೂರು–ಬ್ರೆಮೆನ್: ಅಕ್ಕ, ನಂದು ಇನ್ನೂ ಕೇಡು. ‘ಫ್ಯುನ್ಫ್‌ತ್ಸೇನ್’ ಅಂದಿದ್ದು ನನಗೆ ‘ಫ್ಯುನ್ಫ್‌ತ್ಸಿಶ್’ ಅಂತ ಕೇಳಿಸ್ತು. ಐವತ್ತು ನಿಮಿಷ ಇದೆಯಲ್ಲಾ ಅಂತ ಬೇಕರಿ ಕ್ಯೂನಲ್ಲಿ ನಿಂತು ಒಂದು ಕಾಫಿ, ಒಂದು ಬ್ರೆಟ್ಸೆಲ್ ತಗೊಂಡೆ. 6 ಯೂರೋ 10 ಸೆಂಟ್, ಬಿಲ್ ಇನ್ನೂ ಇಟ್ಟಿದೀನಿ. ರೈಲು ಹದಿನೈದೇ ನಿಮಿಷ ತಡ. ನನ್ನ ತಪ್ಪಿಗೆ ರೈಲು ಬಿಟ್ಟಿದ್ದಕ್ಕೆ ಅಗ್ಗದ ಟಿಕೆಟ್ ನಡೆಯಲ್ಲ ಅಂದ್ರು, ಹೊಸ ಟಿಕೆಟ್ 71 ಯೂರೋ. ಒಟ್ಟು 77.10, ಒಂದು ‘ತ್ಸೇನ್’ ಕೇಳಿಸದೆ ಹೋಗಿದ್ದಕ್ಕೆ.

ಕಾಸೆಲ್ ಅಕ್ಕ: ಸ್ಟೇಷನ್‌ನಲ್ಲಿ ತಡವನ್ನ ಸಾಮಾನ್ಯವಾಗಿ ಐದರ ಲೆಕ್ಕದಲ್ಲೇ ಹೇಳ್ತಾರೆ: ಐದು, ಹತ್ತು, ಹದಿನೈದು, ಇಪ್ಪತ್ತು. ಅದಕ್ಕೇ ಹದಿನಾಲ್ಕಾ ನಲವತ್ತಾ ಅನ್ನೋ ಗೊಂದಲ ಬಂದ್ರೆ ನಲವತ್ತೇ ಅಂದ್ಕೋಬಹುದು. ಹದಿನೈದು–ಐವತ್ತು ಮಾತ್ರ ಆ ಲೆಕ್ಕಕ್ಕೂ ಸಿಗಲ್ಲ. ಆಗ ಬೋರ್ಡ್ ನೋಡಲೇಬೇಕು. ರೈಲಿನೊಳಗೆ ಕಂಡಕ್ಟರ್ ಬಾಯಲ್ಲಿ ಹೇಳಿದ್ರೆ ಹದಿನೇಳು ನಿಮಿಷಾನೂ ಬರುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ.

ಸ್ಟುಟ್‌ಗಾರ್ಟ್ ಹಿರಿಯ: ನಾನು ಇಲ್ಲಿಗೆ ಬಂದದ್ದು 1994ರಲ್ಲಿ. ಆಗ ಆ್ಯಪ್ ಇರಲಿಲ್ಲ, ಕಿವಿ ಇತ್ತು. ಈಗಿನವರಿಗೆ ಉಪಾಯ ಬೇಕು, ಭಾಷೆ ಬೇಡ. ಒಂದು ಮಾತು ಹೇಳ್ತೀನಿ. ಕನ್ನಡದವರಿಗೆ ಜರ್ಮನ್ ಕಷ್ಟ ಆಗಬಾರದು, ನಮ್ಮಲ್ಲೂ ಗುಟ್ಟು ವಾಕ್ಯದ ಕೊನೆಗೇ ಬಿಡೋದು. ‘ಬರುತ್ತೆ’ನಾ ‘ಬರಲ್ಲ’ವಾ ಅಂತ ತಿಳಿಯೋಕೆ ಬಾಯಿ ಮುಚ್ಚೋವರೆಗೂ ಕಾಯ್ತೀವಿ. ಇಲ್ಲಿ ‘ಫೆಲ್ಟ್ ಹೊಯ್ಟೆ ಲೈಡರ್’ ಅಂತ ಎಳೆದು ಕೊನೆಗೆ ‘ಔಸ್’ ಅಂತಾರೆ. ಆ ‘ಔಸ್’ ಬಂತು ಅಂದ್ರೆ ರೈಲೇ ಇಲ್ಲ, ರದ್ದು. ಎದ್ದು ಹೋಗಿ ಅರ್ಧ ವಾಕ್ಯಕ್ಕೆ ಖುಷಿಪಟ್ಟವರನ್ನ ಬೇಕಾದಷ್ಟು ನೋಡಿದೀನಿ.

ಹುಬ್ಬಳ್ಳಿ ಹುಡುಗ: ಹಿರಿಯಾರ, ಭಾಷಾ ಕಲಿತ್ರ ರೊಕ್ಕ ಬರಂಗಿಲ್ಲರೀ. ನಾ ಸಿ1 ಮುಗಿಸೀನಿ, ಒಂದೊಂದು ಅಕ್ಷರ ತಿಳೀತೈತಿ, ಆದ್ರೂ ಮೋಸ ಹೋದೆ. 44 ಯೂರೋ ಟಿಕೆಟ್. ‘ಗ್ರುಂಟ್ ಡಾಫ್ಯೂರ್ ಇಸ್ಟ್ ಐನೆ ವೈಶೆನ್‌ಶ್ಟ್ಯೋರುಂಗ್’ ಅಂದ್ರು, ಹಳಿ ಬದಲಿಸೋ ಪಾಯಿಂಟ್ ಕೆಟ್ಟಿತ್ತು. ಊರಿಗೆ ಮುಟ್ಟಿದ್ದು 118 ನಿಮಿಷ ತಡ. ಒಂದು ತಾಸಿಗೆ ಕಾಲುಭಾಗ ವಾಪಸ್, ಎರಡು ತಾಸಿಗೆ ಅರ್ಧ. ಎರಡ ನಿಮಿಷಕ್ಕ 22ರ ಬದಲಿ 11 ಯೂರೋ ಕೊಟ್ರು! ರೈಲು ನಿಂತಿದ್ದು 118ಕ್ಕ, ಖರೆ. ಬಾಗಿಲ ತಗದಿದ್ದು 121ಕ್ಕ. ನಾ ಗಡಿಯಾರದ ಫೋಟೋ ತಗದೀನಿ.

ಚಿಕ್ಕಮಗಳೂರು–ಬ್ರೆಮೆನ್: ರೈಲು ಮುಟ್ಟೋದು ನಿಂತಾಗ, ಬಾಗಿಲು ತೆಗೆದಾಗ ಅಲ್ಲ ಗುರುವೇ.

ಹುಬ್ಬಳ್ಳಿ ಹುಡುಗ: ಬಾಗಿಲ ಮುಚ್ಚಿದ ರೈಲಿನಾಗ ನೀ ಇಳಿದು ತೋರಸು, ಆಮ್ಯಾಲ ಮಾತಾಡೋಣ. ಇನ್ನೊಂದು ಕೇಳಿಸ್ಕೋ ತಮ್ಮಾ. ‘ಪೆರ್ಸೋನೆನ್ ಇಮ್ ಗ್ಲೈಸ್’, ಹಳಿ ಮ್ಯಾಲ ಮಂದಿ ಅದಾರ ಅಂತ ಹೇಳಿದ್ರ ಮುಗೀತು, ನಯಾ ಪೈಸೆ ಕೊಡಂಗಿಲ್ಲ. ಬ್ಯಾರೆ ರೈಲು ಹತ್ತಾಕೂ ಬಿಡಂಗಿಲ್ಲ.

ಕಾಸೆಲ್ ಅಕ್ಕ: ಮೊದಲ ಅರ್ಧ ಸರಿ, ಎರಡನೇ ಅರ್ಧ ತಪ್ಪು. 2023ರ ಜೂನ್‌ನಿಂದ ಹೊರಗಿನವರಿಂದ ಆದ ತಡೆಗೆ ಪರಿಹಾರ ಕೊಡೋ ಬಾಧ್ಯತೆ ಇಲ್ಲ, ಹೌದು. ಆದರೆ ಅಗ್ಗದ ಟಿಕೆಟ್ಟಿನ ರೈಲಿಗೆ ಕಟ್ಟುಬಿದ್ದಿರೋದು ಇದೆಯಲ್ಲ, ‘ತ್ಸೂಗ್‌ಬಿಂಡುಂಗ್’, ಅದು ಟಿಕೆಟ್ಟಿನ ಕೊನೆ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡ ಆಗುತ್ತೆ ಅನ್ನಿಸಿದ ಕೂಡಲೇ ಬಿಡುಗಡೆ, ಕಾರಣ ಏನೇ ಇರಲಿ. ‘ಔಫ್‌ಗೆಹೋಬೆನ್’ ಅಂದ್ರೆ ಎತ್ತಿಹಾಕಿದಾರೆ ಅಂತ. ಹುಡುಗನಿಗೆ ಹೆದರಿಸಬೇಡಪ್ಪ.

ಕಾರಣ ಕೇಳಿಸ್ಕೊಳ್ಳೋದು ದುಡ್ಡಿಗೆ ಮಾತ್ರ ಅಲ್ಲ. ‘ಫೆರ್ಶ್ಪೇಟುಂಗ್ ಔಸ್ ಫೋರ್‌ಹೇರಿಗರ್ ಫಾರ್ಟ್’ ಅಂದ್ರೆ ಹಿಂದಿನ ಓಟದಿಂದಲೇ ತಡವಾಗಿದೆ. ರೈಲು ಎಲ್ಲೋ ಬರ್ತಾ ಇದೆ, ಹೇಳಿದ ನಿಮಿಷ ಸುಮಾರಾಗಿ ನಿಜ. ‘ನೋಟ್‌ಆರ್ಟ್ಸ್ಟ್‌ಐನ್‌ಜಾಟ್ಸ್ ಆಮ್ ಗ್ಲೈಸ್’, ಹಳಿ ಹತ್ರ ತುರ್ತು ವೈದ್ಯರು ಅಂತ ಬಂದ್ರೆ ನಾನು ಬೋರ್ಡಿನ ನಿಮಿಷ ನಂಬೋದೇ ಇಲ್ಲ. ದಾರಿಯೇ ಮುಚ್ಚಿರುತ್ತೆ, ಇಪ್ಪತ್ತು ಅಂದಿದ್ದು ನಲವತ್ತಾಗಿ ನೂರಾಗುತ್ತೆ. ಬೇರೆ ದಾರಿ ಹುಡುಕ್ತೀನಿ.

ವಿಯೆನ್ನಾ ಶಿವಮೊಗ್ಗಿ: ಇಲ್ಲಿ ‘ಗ್ಲೈಸ್’ ಅನ್ನಲ್ಲ, ‘ಬಾನ್‌ಶ್ಟೈಗ್’ ಅಂತಾರೆ. ರೈಲುಗಳೂ ಸಮಯಕ್ಕೆ ಬರ್ತವೆ. ವಿಯೆನ್ನಾಗೆ ಬಾ ತಮ್ಮಾ, ಒಳ್ಳೆ ಯೂನಿವರ್ಸಿಟಿ ಇದೆ.

ಸ್ಟುಟ್‌ಗಾರ್ಟ್ ಹಿರಿಯ: ಬಾನ್‌ಶ್ಟೈಗ್ ಅಂದ್ರೆ ನಾವು ನಿಲ್ಲೋ ಕಟ್ಟೆ. ಗ್ಲೈಸ್ ಅಂದ್ರೆ ಹಳಿ. ಇಷ್ಟೂ ಗೊತ್ತಿಲ್ಲದೆ ಯೂನಿವರ್ಸಿಟಿ ಶಿಫಾರಸು.

ವಿಯೆನ್ನಾ ಶಿವಮೊಗ್ಗಿ: ಸಾರ್, ಆಸ್ಟ್ರಿಯಾದ ಸ್ಟೇಷನ್ನಲ್ಲಿ ಬೋರ್ಡೇ ಹಾಗಿದೆ. 1994ರಿಂದ ಗಡಿ ದಾಟಿಲ್ವಾ?

ಹೆಸರು ಬೇಡ: ನನ್ನ ಕತೆ ಯಾರಿಗಾದ್ರೂ ಉಪಯೋಗಕ್ಕೆ ಬಂದೀತು. 2019, ಬರ್ಲಿನ್‌ನಿಂದ ಡ್ಯೂಸೆಲ್ಡಾರ್ಫ್. ಎರಡು ರೈಲು ಜೋಡಿಸಿ ಒಂದು ಮಾಡಿದ್ರು, 21ರಿಂದ 28ರವರೆಗಿನ ಬೋಗಿ ಒಂದು ಅರ್ಧ, 31ರಿಂದ 38 ಇನ್ನೊಂದು. ಹಾಮ್ ಊರಲ್ಲಿ ಬಿಚ್ಚಿ ಒಂದರ್ಧ ಎಸೆನ್, ಡ್ಯೂಸೆಲ್ಡಾರ್ಫ್ ಕಡೆ, ಇನ್ನೊಂದರ್ಧ ವುಪ್ಪರ್ಟಾಲ್ ಮೇಲೆ ಕಲೋನ್‌ಗೆ. ಪ್ಲಾಟ್‌ಫಾರ್ಮ್‌ನಲ್ಲಿ ನನ್ನ ಬೋಗಿಗೆ ಗುರುತು ಹಾಕಿದ ಜಾಗದಲ್ಲೇ ಅರ್ಧ ಗಂಟೆ ಮೊದಲೇ ನಿಂತಿದ್ದೆ. ಕೊನೆ ನಿಮಿಷಕ್ಕೆ ‘ಹೊಯ್ಟೆ ಇನ್ ಉಮ್‌ಗೆಕೇರ್ಟರ್ ವಾಗೆನ್‌ರಾಯುಂಗ್’ ಅಂದ್ರು. ನನಗೆ ‘ಹೊಯ್ಟೆ’ನೂ ಕೇಳಿಸ್ತು, ‘ವಾಗೆನ್’ನೂ ಕೇಳಿಸ್ತು, ಬೋಗಿಗಳು ತಲೆಕೆಳಗಾಗಿ ಬರ್ತಿವೆ ಅಂತ ಹೊಳೀಲಿಲ್ಲ. ಎದುರಿಗಿದ್ದ ಬಾಗಿಲಲ್ಲಿ ಎರಡು ಸೂಟ್‌ಕೇಸ್ ಹಾಕ್ಕೊಂಡು ಹತ್ತಿದೆ. ಜಾಗ ಖಾಲಿ ಇತ್ತು, ಕೂತೆ, ನಿದ್ದೆ ಹೋದೆ.

‘ಗೆಟೈಲ್ಟ್’ ಅಂತ ಒಳಗೆ ಎರಡು ಸಲ ಹೇಳಿದ್ರಂತೆ, ರೈಲು ಎರಡಾಗುತ್ತೆ ಅಂತ. ನಾನು ಎದ್ದಿದ್ದು ವುಪ್ಪರ್ಟಾಲ್‌ನಲ್ಲಿ. ಕಲೋನ್‌ಗೆ ಹೋಗಿ ಲೋಕಲ್ ರೈಲಲ್ಲಿ ವಾಪಸ್ ಬರುವಾಗ ನಿನ್ನ ಟಿಕೆಟ್ ಈ ದಾರಿಗೆ ಇಲ್ಲ ಅಂತ 60 ಯೂರೋ ದಂಡ. ಇಂಟರ್‌ವ್ಯೂ 11ಕ್ಕಿತ್ತು, ನಾನು ಮುಟ್ಟಿದ್ದು 12:20ಕ್ಕೆ. ಆ ಕೆಲಸ ಬಿಡಿ. ಈಗ ರೈಲಿನ ತಲೆ ಮೇಲಿನ ಪರದೆಯಲ್ಲಿ ಊರಿನ ಹೆಸರು ನೋಡದೆ ಕೂರೋದೇ ಇಲ್ಲ.

ಹುಬ್ಬಳ್ಳಿ ಹುಡುಗ: ನಿದ್ದಿ ಮಾಡಿದ್ದು ನೀವು, ದಂಡ ಯಾಕ ಬ್ಯಾರೆಯವರ ಮ್ಯಾಲ ಹಾಕ್ತೀರಿ?

ಹೆಸರು ಬೇಡ: ನಾನು ಯಾರ ಮೇಲೂ ಹಾಕಿಲ್ಲ. 11 ಯೂರೋಗೆ ಇಡೀ ದಿನ ಅಳೋನು ನಾನಲ್ಲ.

ಸ್ಟುಟ್‌ಗಾರ್ಟ್ ಹಿರಿಯ: ಆ್ಯಪ್ ಇದ್ದೂ ಎಲ್ಲರೂ ರೈಲು ಬಿಟ್ಟಿದೀರಿ, ಗಮನಿಸಿ.

ಚಿಕ್ಕಮಗಳೂರು–ಬ್ರೆಮೆನ್: ನೀವು ಬಿಟ್ಟಿದ್ದನ್ನ ಹೇಳಿಲ್ಲ, ಅಷ್ಟೇ.

ಎರ್ಫುರ್ಟ್ ನಿವಾಸಿ: ಹುಡುಗ ಕೇಳಿದ್ದನ್ನ ಯಾರೂ ನೋಡಿಲ್ಲ ಅನ್ಸುತ್ತೆ. ಅವನ ಐಸಿಇ ಟಿಕೆಟ್ ಎರ್ಫುರ್ಟ್‌ಗೇ ಮುಗಿಯುತ್ತೆ, ಲೋಕಲ್‌ದು ಬೇರೆ. ಎರಡೂ ಬೇರೆ ಬೇರೆ ಕೊಂಡಿದ್ರೆ ಆ 20 ನಿಮಿಷದ ಲೆಕ್ಕ ಎರ್ಫುರ್ಟ್‌ಗೇ ನಿಲ್ಲುತ್ತೆ, ಇಲ್ಮೆನೌಗೆ ಎಷ್ಟು ತಡವಾಯ್ತು ಅಂತ ಯಾರೂ ಕೇಳಲ್ಲ. ಐಸಿಇ 15 ನಿಮಿಷ ತಡವಾದ್ರೆ ಲೋಕಲ್ ತಪ್ಪುತ್ತೆ, ಹಕ್ಕೂ ಹುಟ್ಟಲ್ಲ. ಆದ್ರೆ ಬೇರೆ ಟಿಕೆಟ್ ಅನ್ನೋದು ಎಲ್ಲ ಲೋಕಲ್‌ಗೂ ನಡೆಯೋ ತಿಂಗಳ ಪಾಸ್ ಡಾಯ್ಚ್‌ಲಾಂಡ್‌ಟಿಕೆಟ್ ಆಗಿದ್ರೆ ಮುಂದಿನ ಲೋಕಲ್ ಹತ್ತಬಹುದು, ಅಷ್ಟೇ ನಷ್ಟ. ಫುಲ್ಡಾ ಬಿಟ್ಟ ಮೇಲೆ ರೈಲೊಳಗೆ ‘ಅನ್‌ಶ್ಲುಸ್’ ಅನ್ನೋ ಪದ ಕಾಯ್ತಿರು. ನಿನ್ನ ಲೋಕಲ್ ಹೆಸರು ಬಂದು ಕೊನೆಗೆ ‘ಎರ್‌ರೈಶ್ಟ್’ ಅಂದ್ರೆ ಸಿಗುತ್ತೆ. ಅದಕ್ಕೂ ಮೊದಲು ‘ನಿಶ್ಟ್’ ಬಂದ್ರೆ ಸಿಗಲ್ಲ, ಓಡಬೇಡ.

ಇಲ್ಮೆನೌ ಹೊರಟವನು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಡಾಯ್ಚ್‌ಲಾಂಡ್‌ಟಿಕೆಟ್ ಅಲ್ಲ, ಮಾಮೂಲಿ ಟಿಕೆಟ್ ಅಣ್ಣ. ಅದೂ ಆ ದಿನಕ್ಕೆ ಯಾವ ಲೋಕಲ್‌ಗಾದ್ರೂ ನಡೆಯುತ್ತಾ?

ಹುಬ್ಬಳ್ಳಿ ಹುಡುಗ: ಅದಿರ್ಲಿ, ಬಾಗಿಲ ತಗಿಯೂ ಟೈಮಿಗೆ ಲೆಕ್ಕ ಅಂತ ಎಲ್ಲಾದ್ರೂ ಬರದಿದ್ರ ಲಿಂಕ್ ಹಾಕ್ರಿ. ಅರ್ಜಿ ಹಾಕಾಕ ಮೂರು ತಿಂಗಳ ಗಡುವು, ಇನ್ನ ಒಂಬತ್ತ ದಿನ ಐತಿ.